ಇನ್ನೂರು ಗಂಟೆ ನೋಡಿ, ಒಂದು ಹಾಳೆ ಬರೆದು

2019ರ ಜನವರಿ 16ರಂದು ಇಂಗ್ಲೆಂಡಿನ ಲೀಡ್ಸ್ ಯುನೈಟೆಡ್ ಫುಟ್‌ಬಾಲ್ ತಂಡದ ಕೋಚ್ ಮಾರ್ಸೆಲೊ ಬಿಯೆಲ್ಸಾ ಪತ್ರಕರ್ತರನ್ನು ಕೂರಿಸಿಕೊಂಡು ತಮ್ಮ ಕಡತಗಳನ್ನೆಲ್ಲ ತೆರೆದು ತೋರಿಸಿದರು. ಡರ್ಬಿ ಕೌಂಟಿ ತಂಡದ ಅಭ್ಯಾಸವನ್ನು ಕದ್ದು ನೋಡಲು ಅವರು ಆಳು ಕಳಿಸಿದ್ದು ಆಗಷ್ಟೇ ಗುಲ್ಲಾಗಿತ್ತು. ಡರ್ಬಿಯ ಹಿಂದಿನ ಸೀಸನ್ನಿನ 51 ಪಂದ್ಯಗಳನ್ನೂ ನೋಡಿದ್ದೇವೆ, ಒಂದೊಂದಕ್ಕೆ ನಾಲ್ಕು ಗಂಟೆ ಹಿಡಿದಿದೆ ಎಂದರು. ಅಂದರೆ ಇನ್ನೂರು ಗಂಟೆಗೂ ಮಿಕ್ಕಿದ ದುಡಿಮೆ. ಅಷ್ಟನ್ನೂ ಆಟಗಾರರ ತಲೆಗೆ ತುಂಬಲಾಗದು ಎಂಬುದು ಅವರಿಗೂ ಗೊತ್ತಿತ್ತು.

ತಂಡದ ಅನಲಿಸ್ಟ್‌ನ ವಾರದ ಕೆಲಸವೇ ಈ ಇಳಿಸುವಿಕೆ. ಶನಿವಾರ ಪಂದ್ಯವಿದ್ದರೆ ಸೋಮವಾರ ಆತ ಎದುರಾಳಿಯ ಕೊನೆಯ ಐದು ಪಂದ್ಯಗಳ ವಿಡಿಯೊ ಹಾಕಿಕೊಂಡು ಕೂರುತ್ತಾನೆ. ಬುಧವಾರ ಸಂಜೆಯೊಳಗೆ ಒಂದು ಪುಟ ಕೋಚ್ ಕೈ ಸೇರಬೇಕು. ಗುರುವಾರದ ಅಭ್ಯಾಸ ಅದರ ಮೇಲೆ ನಿಂತಿರುತ್ತದೆ. ಶುಕ್ರವಾರ ರಾತ್ರಿ ಬಂದ ಹಾಳೆ ಕಡಲೆಕಾಯಿ ಕಟ್ಟಲಿಕ್ಕೇ ಸರಿ.

ಆ ಪುಟದ ಒಂದು ಸಾಲು ಹುಟ್ಟುವುದು ಹೇಗೆ? ಒಂದು ಕಲ್ಪಿತ ಉದಾಹರಣೆ ನೋಡೋಣ. ಐದು ಪಂದ್ಯಗಳಲ್ಲಿ ಎದುರಾಳಿಗೆ ಬಲಬದಿಯಿಂದ 20 ಕಾರ್ನರ್ ಸಿಕ್ಕಿವೆ, 13 ಸಲ ಚೆಂಡು ಹತ್ತಿರದ ಕಂಬಕ್ಕೆ ಬಂದಿದೆ. ಹೊಸಬನಾದರೆ ‘ಶೇ. 65’ ಎಂದು ಬರೆದು ಕೈತೊಳೆದುಕೊಳ್ಳುತ್ತಾನೆ. ಪಳಗಿದವನು ಮೊದಲು ಕೇಳುವುದು ಒದ್ದವರು ಯಾರು ಎಂದು. ಹದಿಮೂರರಲ್ಲಿ ಹನ್ನೆರಡು ಒಬ್ಬನೇ ಎಡಗಾಲಿನವನವು. ಅವನ ಚೆಂಡು ಗೋಲಿನತ್ತ ಬಾಗಿ ಬರುತ್ತದೆ. ಹಳದಿ ಕಾರ್ಡುಗಳಿಂದಾಗಿ ಅವನೇ ಶನಿವಾರ ಹೊರಗಿದ್ದರೆ ಈ ಲೆಕ್ಕವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಆಡುತ್ತಾನೆ ಎಂದಾದರೆ ಮತ್ತೆ ವಿಡಿಯೊ: ಅವನು ಒದೆಯುವ ಮುಂಚೆ 9ನೇ ನಂಬರಿನವನು ಅಡ್ಡ ನಿಲ್ಲುತ್ತಾನೆ, ಆ ಮರೆಯಲ್ಲಿ 5ನೆಯವನು ಕಂಬದತ್ತ ನುಗ್ಗುತ್ತಾನೆ. ಈಗ ಹಾಳೆಗೆ ಇಳಿಯುವುದು ಇಷ್ಟೇ:

‘ಬಲ ಕಾರ್ನರ್: ಹತ್ತಿರದ ಕಂಬ. 9 ಅಡ್ಡ, 5 ಓಟ. ನಮ್ಮವನೊಬ್ಬ ಮೊದಲೇ ಕಂಬದ ಮುಂದೆ.’

ಅಂಕಿ ಮಾಯ, ಮಾಡಬೇಕಾದ್ದು ಮಾತ್ರ ಉಳಿಯಿತು. ಜೊತೆಗೆ ಇಪ್ಪತ್ತು ಸೆಕೆಂಡಿನ ಒಂದು ವಿಡಿಯೊ ತುಣುಕು.

ಎಡವುವುದು ಹೆಚ್ಚಾಗಿ ಪಂದ್ಯಗಳನ್ನು ಆರಿಸುವಾಗಲೇ. ಐದರಲ್ಲಿ ಒಂದನ್ನು ಎದುರಾಳಿ ಹತ್ತೇ ಜನರೊಂದಿಗೆ ಆಡಿದ್ದರೆ, ಗೋಲಿನ ಮುಂದೆ ಗುಂಪುಗಟ್ಟಿ ನಿಂತದ್ದು ಅವರ ಸ್ವಭಾವವಲ್ಲ, ಅನಿವಾರ್ಯ. ಎರಡು ವಾರದ ಹಿಂದೆ ಅವರ ಕೋಚ್ ಬದಲಾಗಿದ್ದರೆ ಅದಕ್ಕೂ ಹಳೆಯದೆಲ್ಲ ಬೇರೆ ತಂಡದ ಆಟವಿದ್ದಂತೆ. ಆಗ ಉಳಿಯುವುದು ಎರಡೇ ಪಂದ್ಯ, ನಾಲ್ಕೈದು ಕಾರ್ನರ್. ಅಷ್ಟರಲ್ಲಿ ಕಂಡದ್ದು ಕಾಕತಾಳೀಯವೂ ಇರಬಹುದು. ಆ ಜಾಗ ಖಾಲಿ ಬಿಡುವ ಧೈರ್ಯ ಬೇಕು.

ಎಲ್ಲ ಸರಿ ಬರೆದರೂ ಸಾಲದ ದಿನಗಳಿವೆ. ಅದೇ ಪತ್ರಿಕಾಗೋಷ್ಠಿಯಲ್ಲಿ ಬಿಯೆಲ್ಸಾ 2012ರ ಸ್ಪೇನಿನ ಕಪ್ ಫೈನಲ್ ನೆನೆದರು. ಅಂದು ಅವರ ಅಥ್ಲೆಟಿಕ್ ಬಿಲ್ಬಾವೊ ಬಾರ್ಸಿಲೋನಾಕ್ಕೆ ಸೋತಿತ್ತು. ಬಳಿಕ ತಾವು ಸಿದ್ಧಪಡಿಸಿದ್ದ ಬಾರ್ಸಿಲೋನಾ ವಿಶ್ಲೇಷಣೆಯನ್ನು ಗ್ವಾರ್ಡಿಯೋಲಾಗೆ ಕೊಟ್ಟರಂತೆ. ನಮ್ಮ ತಂಡದ ಬಗ್ಗೆ ನನಗಿಂತ ನಿಮಗೇ ಹೆಚ್ಚು ಗೊತ್ತು ಎಂದರಂತೆ ಗ್ವಾರ್ಡಿಯೋಲಾ.

ಫೈನಲ್ ಮುಗಿದದ್ದು 3-0.