ಒಂದು ಪತ್ರಕ್ಕೆ ಇನ್ನೂರು ಕುದುರೆ ಸವಾರರು

1808. ನೆಪೋಲಿಯನ್ ಸೇನೆ ಸ್ಪೇನ್‌ಗೆ ನುಗ್ಗಿತು. ಮ್ಯಾಡ್ರಿಡ್ ಕೈಸೇರಿತು, ಅವನ ಅಣ್ಣ ಜೋಸೆಫ್ ಸಿಂಹಾಸನ ಏರಿದ. ಆದರೆ ಯುದ್ಧ ಮುಗಿಯಲಿಲ್ಲ.

ರೈತರು, ಪಾದ್ರಿಗಳು, ಸೋತು ಚದುರಿದ ಸೈನಿಕರು ಬೆಟ್ಟ ಹತ್ತಿದರು. ಅವರ ಕಾದಾಟಕ್ಕೆ ಸ್ಪ್ಯಾನಿಷ್‌ನಲ್ಲಿ 'ಚಿಕ್ಕ ಯುದ್ಧ' ಎಂಬರ್ಥದ ಹೆಸರು. ಗೆರಿಲ್ಲಾ ಎಂಬ ಪದ ಜಗತ್ತಿಗೆಲ್ಲ ಹರಡಿದ್ದು ಈ ಯುದ್ಧದಿಂದ.

ಇವರು ಫ್ರೆಂಚ್ ಸೇನೆಯ ಎದುರು ನಿಲ್ಲುತ್ತಿರಲಿಲ್ಲ. ಅದರ ಅನ್ನಕ್ಕೆ, ಅದರ ಸುದ್ದಿಗೆ ಕೈ ಹಾಕಿದರು. ಕಣಿವೆಯಲ್ಲಿ ಕಾದು ದವಸದ ಗಾಡಿ ದೋಚಿ, ದೊಡ್ಡ ಪಡೆ ಬರುವಷ್ಟರಲ್ಲಿ ಮಾಯ. ಕೊನೆಗೆ ಒಬ್ಬ ಅಂಚೆಯವನನ್ನು ಕಳಿಸಲು ಇನ್ನೂರು ಸವಾರರ ಕಾವಲು ಬೇಕಾಯಿತು.

ಇಲ್ಲೇ ಲೆಕ್ಕ ತಪ್ಪುವುದು ನೋಡಿ. ದಾಳಿ ಮಾಡುವವನಿಗೆ ಒಂದು ಸೇತುವೆ ಸಾಕು. ಕಾಯುವವನು ಎಲ್ಲ ಸೇತುವೆಗಳನ್ನೂ, ಎಲ್ಲ ಕಣಜಗಳನ್ನೂ ಕಾಯಬೇಕು. 1811ರಲ್ಲಿ ಸ್ಪೇನ್‌ನಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಫ್ರೆಂಚ್ ಸೈನಿಕರಿದ್ದರು. ಮರುವರ್ಷ ಸಲಮಾಂಕಾದಲ್ಲಿ ಬ್ರಿಟಿಷ್ ಸೇನಾಪತಿ ವೆಲಿಂಗ್ಟನ್ ಎದುರು ನಿಂತವರು ಸುಮಾರು ಐವತ್ತು ಸಾವಿರ ಮಾತ್ರ!

ಸಿಟ್ಟಿನಲ್ಲಿ ಫ್ರೆಂಚರು ಊರುಗಳನ್ನು ಸುಟ್ಟರು. ಮನೆ ಕಳೆದುಕೊಂಡವರು ಬೆಟ್ಟ ಸೇರಿದರು.

ಹಾಗಂತ ಗೆರಿಲ್ಲಾಗಳೇ ಯುದ್ಧ ಗೆದ್ದರು ಅನ್ನುವುದು ತಪ್ಪು. ಬಯಲಿನಲ್ಲಿ ಅವರು ಸೋಲುತ್ತಿದ್ದರು, ಭದ್ರ ಕೋಟೆ ಮುರಿಯಲು ಫಿರಂಗಿ ಸಾಲುತ್ತಿರಲಿಲ್ಲ. ಅವರು ಶತ್ರುವನ್ನು ಚದುರಿಸಿದರು, ವೆಲಿಂಗ್ಟನ್ ಹೊಡೆದ.

1813ರ ಜೂನ್ 21, ವಿಟೋರಿಯಾ. ಜೋಸೆಫ್‌ನ ಕೊನೆಯ ದೊಡ್ಡ ಕದನ. ಅವನ ಸೇನಾಪತಿ ಕ್ಲೋಜೆಲ್ ಸಮಯಕ್ಕೆ ಬರಲಿಲ್ಲ. ಅವನ ಪಡೆ ನವಾರಾದ ಬೆಟ್ಟಗಳಲ್ಲಿ ಗೆರಿಲ್ಲಾ ನಾಯಕ ಮಿನಾನನ್ನು ಹುಡುಕುತ್ತ ಅಲೆದಿತ್ತು.