ತಿರುವು ಕೊಡುವುದು ನೆಲ

1993ರ ಜೂನ್ 4ರಂದು ಮ್ಯಾಂಚೆಸ್ಟರಿನ ಓಲ್ಡ್ ಟ್ರಾಫರ್ಡ್ ಮೈದಾನದಲ್ಲಿ ಶೇನ್ ವಾರ್ನ್ ಹಾಕಿದ ಲೆಗ್ ಬ್ರೇಕ್, ಮೈಕ್ ಗ್ಯಾಟಿಂಗ್ ಅವರ ಲೆಗ್ ಸ್ಟಂಪಿನಿಂದ ಹೊರಗೆ ಬಿದ್ದು, ಬ್ಯಾಟನ್ನು ದಾಟಿಕೊಂಡು ಹೋಗಿ ಆಫ್ ಸ್ಟಂಪಿಗೆ ಬಡಿಯಿತು. ಇಂಥ ಎಸೆತ ಕಂಡಾಗ ನಾವು ಬೌಲರನ ಬೆರಳು, ಮಣಿಕಟ್ಟುಗಳನ್ನು ಹೊಗಳುತ್ತೇವೆ. ಆದರೆ ಅವು ಕೊಡುವುದು ಗಿರಕಿಯನ್ನು ಮಾತ್ರ. ಚೆಂಡನ್ನು ಪಕ್ಕಕ್ಕೆ ತಳ್ಳುವುದು ನೆಲ. ಆ ಕೆಲಸಕ್ಕೆ ನೆಲಕ್ಕೆ ಸಿಗುವ ಸಮಯ ಕೆಲವೇ ಮಿಲಿಸೆಕೆಂಡು. ಅಷ್ಟರಲ್ಲಿ ಚೆಂಡು ಒಂದು ಸುತ್ತನ್ನೂ ಪೂರ್ತಿ ಸುತ್ತುವುದಿಲ್ಲ.

ಅಷ್ಟರಲ್ಲಿ ಏನಾಗುತ್ತದೆ ಎಂಬುದನ್ನು ಒಂದು ಮಾದರಿ ಎಸೆತದಲ್ಲಿ ನೋಡೋಣ. ಚೆಂಡು ನಿಮಿಷಕ್ಕೆ 2000 ಸುತ್ತು ತಿರುಗುತ್ತಿದೆ ಎನ್ನಿ. ಆಗ ಅದರ ಮೈ ಸೆಕೆಂಡಿಗೆ ಸುಮಾರು ಏಳೂವರೆ ಮೀಟರ್ ವೇಗದಲ್ಲಿ ಸರಿಯುತ್ತಿರುತ್ತದೆ. ಗಿರಕಿ ಪೂರ್ತಿ ಅಡ್ಡಕ್ಕಿದ್ದರೆ, ನೆಲ ಮುಟ್ಟುವ ತಳಭಾಗ ಅಷ್ಟೇ ವೇಗದಲ್ಲಿ ಪಕ್ಕಕ್ಕೆ ಉಜ್ಜುತ್ತದೆ. ಆದರೆ ಇಡೀ ಚೆಂಡು ಸೆಕೆಂಡಿಗೆ 20 ಮೀಟರಿನಂತೆ ಮುಂದಕ್ಕೂ ಓಡುತ್ತಿದೆ. ಘರ್ಷಣೆ ಈ ಎರಡು ಜಾರುವಿಕೆಗಳನ್ನು ಬೇರೆ ಬೇರೆಯಾಗಿ ಎದುರಿಸುವುದಿಲ್ಲ. ಎರಡೂ ಕೂಡಿದ ದಿಕ್ಕಿಗೆ ನೇರ ಎದುರಾಗಿ ಎಳೆಯುತ್ತದೆ. ಹೀಗಾಗಿ ಅದರ ಬಹುಪಾಲು ಬಲ ಚೆಂಡಿನ ಓಟವನ್ನು ತಡೆಯುವುದಕ್ಕೇ ಖರ್ಚಾಗುತ್ತದೆ, ಮೂರನೇ ಒಂದರಷ್ಟು ಮಾತ್ರ ಪಕ್ಕಕ್ಕೆ ಸಿಗುತ್ತದೆ.

ಒಟ್ಟು ಬಲ ಎಷ್ಟೆಂಬುದು ಎರಡು ಸಂಗತಿಗಳ ಮೇಲೆ ನಿಂತಿದೆ: ಪಿಚ್ಚಿನ ಒರಟುತನ ಮತ್ತು ಚೆಂಡು ನೆಲವನ್ನು ಒತ್ತುವ ರಭಸ. ನಮ್ಮ ಮಾದರಿ ಚೆಂಡು ಸೆಕೆಂಡಿಗೆ ಆರೂವರೆ ಮೀಟರ್ ವೇಗದಲ್ಲಿ ಕೆಳಗಿಳಿದು, ಸಾಧಾರಣ ಪಿಚ್ಚಿನಲ್ಲಿ ಅದರ ಅರ್ಧ ವೇಗದಲ್ಲಿ ಪುಟಿದರೆ, ಸುಮಾರು ಐದು ಡಿಗ್ರಿ ತಿರುಗುತ್ತದೆ. ಕೇಳಲು ಅಲ್ಪವೆನಿಸಬಹುದು. ಆದರೆ ಬಿದ್ದ ಜಾಗದಿಂದ ಬ್ಯಾಟ್ಸ್‌ಮನ್ ನಾಲ್ಕು ಮೀಟರ್ ದೂರದಲ್ಲಿದ್ದರೆ, ಅವನನ್ನು ತಲುಪುವ ಹೊತ್ತಿಗೆ ಚೆಂಡು 34 ಸೆಂಟಿಮೀಟರಿನಷ್ಟು ಸರಿದಿರುತ್ತದೆ. ಅಂದರೆ ಮೂರು ಬ್ಯಾಟುಗಳ ಅಗಲ. ಐದನೇ ದಿನ ಪಿಚ್ ಬಿರಿದು ಮಣ್ಣು ಸಡಿಲವಾಗಿ, ಘರ್ಷಣೆ ಒಂದೂವರೆ ಪಟ್ಟಾಯಿತೆನ್ನಿ. ಅದೇ ಎಸೆತ ಎಂಟು ಡಿಗ್ರಿ ತಿರುಗುತ್ತದೆ. ಅಲ್ಲಿಗೆ ಆ ಎಸೆತದ ಮಿತಿ ಹತ್ತಿರ ಬಂತು. ನೆಲಕ್ಕೆ ಪೂರ್ತಿ ಕಚ್ಚಿಕೊಂಡ ಚೆಂಡು ಜಾರುವುದನ್ನೇ ನಿಲ್ಲಿಸುತ್ತದೆ. ಜಾರದಿದ್ದಮೇಲೆ ಪಿಚ್ ಇನ್ನಷ್ಟು ಒರಟಾಗಿ ಪ್ರಯೋಜನವಿಲ್ಲ. ಆಮೇಲೂ ಹೆಚ್ಚು ತಿರುವು ಬೇಕೆಂದರೆ ಗಿರಕಿಯನ್ನೇ ಹೆಚ್ಚಿಸಬೇಕು, ಇಲ್ಲವೇ ವೇಗ ಇಳಿಸಬೇಕು.

ಚೆಂಡನ್ನು ತೂಗಿಬಿಡುವ ಕಲೆ, ಆಟಗಾರರು ಫ್ಲೈಟ್ ಎನ್ನುವುದು, ಇಲ್ಲಿ ತನ್ನ ಇನ್ನೊಂದು ಉಪಯೋಗವನ್ನು ತೋರಿಸುತ್ತದೆ. ನಮ್ಮ ಎರಾಪಳ್ಳಿ ಪ್ರಸನ್ನ ಅವರ ಎಸೆತಗಳ ಬಗ್ಗೆ ಮಾತಾಡುವವರು ಬ್ಯಾಟ್ಸ್‌ಮನ್ ಮುಂದೆ ಬಂದು ಮೋಸಹೋಗುತ್ತಿದ್ದುದನ್ನೇ ನೆನೆಯುತ್ತಾರೆ. ಅದು ನಿಜ. ಆದರೆ ಮೇಲಿನಿಂದ ಇಳಿಯುವ ಚೆಂಡು ನೆಲವನ್ನು ಹೆಚ್ಚು ಒತ್ತುತ್ತದೆ. ಮುಂದಕ್ಕೆ ಓಡುವ ವೇಗವೂ ಕಡಿಮೆ ಇರುವುದರಿಂದ ಘರ್ಷಣೆಯ ಹೆಚ್ಚಿನ ಪಾಲು ಪಕ್ಕಕ್ಕೆ ಸಿಗುತ್ತದೆ. ಗಾಳಿಯಲ್ಲಿ ಮರುಳು ಮಾಡುವ ಎಸೆತವೇ ನೆಲದಲ್ಲಿಯೂ ಹೆಚ್ಚು ತಿರುಗುವಂಥದು.

ಗಿರಕಿ ಪೂರ್ತಿ ಅಡ್ಡಕ್ಕೇ ಇರಬೇಕೆಂದೂ ಇಲ್ಲ. ಅದರ ಅಕ್ಷವನ್ನು ಓರೆ ಮಾಡಿ ಅರ್ಧದಷ್ಟು ಟಾಪ್ ಸ್ಪಿನ್ ಬೆರೆಸಿದರೆ ಅಡ್ಡ ಗಿರಕಿ ಕಡಿಮೆಯಾಗುವುದು ಹೌದು. ಆದರೆ ಟಾಪ್ ಸ್ಪಿನ್ನಿನಿಂದ ತಳಭಾಗ ಹಿಂದಕ್ಕೆ ಸರಿಯುವುದರಿಂದ ಮುಂದಕ್ಕೆ ಜಾರುವುದೂ ತಗ್ಗುತ್ತದೆ, ಪಕ್ಕದ ಪಾಲು ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಜೊತೆಗೆ ಚೆಂಡು ಗಾಳಿಯಲ್ಲಿ ಬೇಗ ಕೆಳಗೆ ಬಾಗಿ ಇನ್ನೂ ರಭಸದಿಂದ ನೆಲಕ್ಕೆ ಬಡಿಯುತ್ತದೆ. ಏನನ್ನೂ ಕಳೆದುಕೊಳ್ಳದೆ ಸಿಗುವ ಲಾಭವಿದು, ಸ್ಪಿನ್ನಿನ ಲೆಕ್ಕದಲ್ಲಿ ನನಗೆ ಅತಿ ಸುಂದರವಾಗಿ ಕಾಣುವ ಭಾಗ.

ವಾರ್ನ್ ಎಸೆತದಲ್ಲಿ ಗಾಳಿಯ ಪಾಲೂ ಇತ್ತು. ಇಳಿಯುತ್ತಿರುವ ಚೆಂಡಿಗೆ ಅಡ್ಡ ಗಿರಕಿ ಇದ್ದರೆ, ಮುಂದೆ ಎತ್ತ ತಿರುಗಲಿದೆಯೋ ಅದರ ಎದುರು ದಿಕ್ಕಿಗೆ ಗಾಳಿ ಅದನ್ನು ತಳ್ಳುತ್ತದೆ. ಇದು ಮ್ಯಾಗ್ನಸ್ ಪರಿಣಾಮ. ಗ್ಯಾಟಿಂಗ್ ಕಡೆಗೆ ಬಂದ ಚೆಂಡು ಕೊನೆಯ ಗಳಿಗೆಯಲ್ಲಿ ಲೆಗ್ ಕಡೆಗೆ ತೇಲಿದ್ದು ಇದರಿಂದಲೇ. ಬ್ಯಾಟ್ಸ್‌ಮನ್ ಅದನ್ನು ಹಿಂಬಾಲಿಸಿ ಅತ್ತ ವಾಲಿದ ಮೇಲೆ ನೆಲ ಅದನ್ನು ಇತ್ತ ತಿರುಗಿಸಿತು.

ಹಾಗಾದರೆ ವೇಗವಾಗಿ ಹಾಕುತ್ತಿದ್ದ ಅನಿಲ್ ಕುಂಬ್ಳೆ? ಈ ಲೆಕ್ಕದ ಪ್ರಕಾರ ಅವರ ಚೆಂಡು ಕಡಿಮೆ ತಿರುಗಬೇಕು, ತಿರುಗುತ್ತಿದ್ದುದೂ ಕಡಿಮೆಯೇ. ಆದರೆ ಬಿದ್ದ ಮೇಲೆ ಸೆಕೆಂಡಿಗೆ 20 ಮೀಟರ್ ವೇಗ ಉಳಿದಿರುವ ಚೆಂಡು ನಾಲ್ಕು ಮೀಟರ್ ದಾಟಲು ಸೆಕೆಂಡಿನ ಐದನೇ ಒಂದು ಭಾಗ ಸಾಕು. ಅಷ್ಟರಲ್ಲಿ ಹೊಡೆತವನ್ನು ತಿದ್ದಿಕೊಳ್ಳುವುದು ಬಲು ಕಷ್ಟ. ಅಲ್ಲದೆ ಬ್ಯಾಟಿನ ಗರಿಷ್ಠ ಅಗಲ 10.8 ಸೆಂಟಿಮೀಟರ್. ಅದರ ನಡುವಿಗೆ ಬರಬೇಕಾದ ಚೆಂಡು ಅಂಚಿಗೆ ತಾಗಲು ಐದೂವರೆ ಸೆಂಟಿಮೀಟರ್ ಸರಿದರೆ ಆಯಿತು. ಒಂದೇ ಡಿಗ್ರಿ ತಿರುವಿದ್ದರೂ ನಾಲ್ಕು ಮೀಟರಿನಲ್ಲಿ ಚೆಂಡು ಏಳು ಸೆಂಟಿಮೀಟರ್ ಸರಿಯುತ್ತದೆ. 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್‌ಗಳನ್ನು 74 ರನ್ನಿಗೆ ಕಿತ್ತ ಕುಂಬ್ಳೆ ಅವರಿಗೆ ದೊಡ್ಡ ತಿರುವು ಬೇಕಿರಲಿಲ್ಲ.