ಎಸ್ಟಿಮೇಟಿನ ಚದರಡಿ: ಕೊಳ್ಳುವುದೆಷ್ಟು, ಕೆಲಸವೆಷ್ಟು?

ಮನೆಯ ಇಂಟೀರಿಯರ್ ಎಸ್ಟಿಮೇಟ್ ಕೈಗೆ ಬಂದಾಗ ನಮ್ಮ ಕಣ್ಣು ಮೊದಲು ಹೋಗುವುದು ದರದ ಕಾಲಂಗೆ. ಚದರಡಿಗೆ ಐದು ರೂಪಾಯಿ ಇಳಿಸಿ ಎಂದು ಚೌಕಾಸಿಗೆ ಕೂರುತ್ತೇವೆ. ಪಕ್ಕದ ಕಾಲಂನಲ್ಲಿರುವ ಅಳತೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ದರ ಇಳಿಸಿದ ಕಂಟ್ರಾಕ್ಟರು ಅದನ್ನು ವಾಪಸ್ ಪಡೆಯುವುದು ಸಾಮಾನ್ಯವಾಗಿ ಆ ಕಾಲಂನಲ್ಲೇ.

ಅಳತೆ ಪರೀಕ್ಷಿಸುವುದಕ್ಕೆ ಎಂಜಿನಿಯರಿಂಗ್ ಓದಿರಬೇಕಿಲ್ಲ. ಪ್ರತಿ ಸಾಲಿನ ಮುಂದೆ ಒಂದೇ ಪ್ರಶ್ನೆ ಹಾಕಿ: ಇದು ಅಂಗಡಿಯಿಂದ ಕೊಳ್ಳಬೇಕಾದ ಸಾಮಾನಿನ ಲೆಕ್ಕವೋ, ಮೇಸ್ತ್ರಿ ಮಾಡುವ ಕೆಲಸದ ಲೆಕ್ಕವೋ? ಎರಡೂ ಬೇರೆ. ಟೈಲ್ಸ್ ಕತ್ತರಿಸುವಾಗ ಚೂರು ಹೋಗುತ್ತದೆ, ಆದ್ದರಿಂದ ಕೊಳ್ಳುವಾಗ ವೇಸ್ಟೇಜ್ ಸೇರಿಸಲೇಬೇಕು. ಆದರೆ ಕಸಕ್ಕೆ ಹೋದ ಚೂರನ್ನು ಯಾರೂ ನೆಲಕ್ಕೆ ಕೂರಿಸುವುದಿಲ್ಲವಲ್ಲ, ಅದಕ್ಕೆ ಕೂಲಿ ಏಕೆ?

ಒಂದು ಮಲಗುವ ಕೋಣೆಯನ್ನು ತೆಗೆದುಕೊಳ್ಳೋಣ. 12 ಅಡಿ ಉದ್ದ, 11 ಅಡಿ ಅಗಲ, 10 ಅಡಿ ಎತ್ತರ. ಕೋಣೆಯ ಬಾಗಿಲು ಮೂರೂವರೆ ಅಡಿ ಅಗಲ, 7 ಅಡಿ ಎತ್ತರ. ಬಚ್ಚಲಿನ ಬಾಗಿಲು ಎರಡೂವರೆಗೆ 7. ಕಿಟಕಿ ಒಂದು, 5 ಅಡಿಗೆ 4 ಅಡಿ. ಒಂದು ಗೋಡೆಗೆ 7 ಅಡಿ ಅಗಲದ ವಾರ್ಡ್‌ರೋಬ್, ಮೇಲೆ ಲಾಫ್ಟ್ ಸೇರಿ ಸೂರಿನವರೆಗೆ.

ನೆಲ 132 ಚದರಡಿ. ಸುತ್ತಳತೆ 46 ಅಡಿ. ಅದರಲ್ಲಿ ಎರಡು ಬಾಗಿಲುಗಳ 6 ಅಡಿ ಕಳೆದರೆ ಸ್ಕರ್ಟಿಂಗ್ 40 ಅಡಿ. ನಾಲ್ಕಿಂಚು ಎತ್ತರದ ಸ್ಕರ್ಟಿಂಗ್ 40 ಅಡಿ ಎಂದರೆ ಬರೀ ಹದಿಮೂರೂಕಾಲು ಚದರಡಿ ಟೈಲ್ಸ್. ಎಸ್ಟಿಮೇಟಿನಲ್ಲಿ ಈ 40 ರನ್ನಿಂಗ್ ಅಡಿ ಟೈಲ್ಸ್ ಲೆಕ್ಕಕ್ಕೆ ಬರುವಾಗ 40 ಚದರಡಿಯಾಗಿಬಿಟ್ಟಿದೆಯೇ ನೋಡಿ. ನೆಲ, ಸ್ಕರ್ಟಿಂಗ್ ಎರಡೂ ಸೇರಿ ಸುಮಾರು 145 ಚದರಡಿ, ಅದರ ಮೇಲೆ ಶೇ 10 ವೇಸ್ಟೇಜ್ ಹಾಕಿದರೆ 160.

ಈ ಶೇ 10 ಎಂಬುದು ವಾಡಿಕೆ ಅಷ್ಟೇ. ನಿಜವಾಗಿ ಎಷ್ಟು ಹಾಳಾಗುತ್ತದೆ ಎಂಬುದು ಕೋಣೆಯ ಅಳತೆ ಮತ್ತು ಟೈಲ್ಸ್ ಹಾಕುವ ರೀತಿಯ ಮೇಲಿದೆ. ‘ಎರಡಡಿ’ ಟೈಲ್ಸ್ ಎಂದು ಮಾರುವುದು 600 ಮಿ.ಮೀ.ನದು, ಎಂದರೆ ಎರಡಡಿಗೆ ಕಾಲಿಂಚಿಗಿಂತ ತುಸು ಹೆಚ್ಚೇ ಕಮ್ಮಿ. ಹಾಗಾಗಿ 12 ಅಡಿ ಉದ್ದಕ್ಕೆ ಆರು ಟೈಲ್ಸ್ ಇಟ್ಟರೂ ಕೊನೆಯಲ್ಲಿ ಎರಡಿಂಚು ಉಳಿಯುತ್ತದೆ. ಆ ಎರಡಿಂಚಿನ ಪಟ್ಟಿಯನ್ನು ವಾರ್ಡ್‌ರೋಬ್ ಕೂರುವ ಗೋಡೆಯ ಕಡೆಗೆ ತಳ್ಳಿದರೆ ಬಹುಪಾಲು ಕಣ್ಣಿಗೆ ಬೀಳುವುದಿಲ್ಲ. ಹಾಗೆ ಮಾಡಿದರೆ ನೆಲಕ್ಕೆ 36 ಟೈಲ್ಸ್ ಸಾಕು. 11 ಅಡಿಯ ಕಡೆ ಕತ್ತರಿಸಿ ಉಳಿದ ಹತ್ತಿಂಚಿನ ತುಂಡುಗಳಲ್ಲೇ ಆ ಸಣ್ಣ ಪಟ್ಟಿಗಳೂ ಸ್ಕರ್ಟಿಂಗಿನ ಒಂದಷ್ಟು ಭಾಗವೂ ಬರುತ್ತವೆ. ಬಾಕಿ ಸ್ಕರ್ಟಿಂಗಿಗೆ ಇನ್ನು ಮೂರು ಟೈಲ್ಸ್. ಒಟ್ಟು 39.

ಎರಡಿಂಚಿನ ಪಟ್ಟಿ ಚೆನ್ನಾಗಿ ಕಾಣುವುದಿಲ್ಲ ಎಂದು ಮೇಸ್ತ್ರಿ ಎರಡೂ ಅಂಚಿಗೆ ಸಮನಾಗಿ ಹಂಚಿದರೆ, ಎರಡು ಕಡೆಯೂ ಸುಮಾರು ಹದಿಮೂರು ಇಂಚಿನ ತುಂಡು ಬೇಕು. ಒಂದು ಟೈಲ್ಸಿನಲ್ಲಿ ಅಂಥ ಎರಡು ತುಂಡು ಬರುವುದಿಲ್ಲ. ಆಗ ನೆಲಕ್ಕೇ 42 ಬೇಕು. ಆದರೆ ಉಳಿದ ತುಂಡುಗಳಲ್ಲಿ ಸ್ಕರ್ಟಿಂಗ್ ಪೂರ್ತಿ ಮುಗಿಯುತ್ತದೆ. ಈ ಅಳತೆಯ ಟೈಲ್ಸ್ ಬಾಕ್ಸಿಗೆ ನಾಲ್ಕರಂತೆ ಬರುವುದು ಸಾಮಾನ್ಯ, ಒಂದು ಬಾಕ್ಸ್ ಹದಿನೈದೂವರೆ ಚದರಡಿ. ಮೊದಲ ರೀತಿಗೆ 10 ಬಾಕ್ಸ್, ಎರಡನೆಯದಕ್ಕೆ 11. ಎಸ್ಟಿಮೇಟಿನ 160 ಚದರಡಿಯನ್ನು ಬಾಕ್ಸಿಗೆ ತಿರುಗಿಸಿದರೂ 11 ಬರುತ್ತದೆ. ಅಲ್ಲಿಗೆ ಶೇ 10 ಈ ಕೋಣೆಗೆ ನ್ಯಾಯವೇ. ಓರೆಯಾಗಿ, ಡೈಮಂಡ್ ಮಾದರಿಯಲ್ಲಿ ಹಾಕಿಸಿದರೆ ಮಾತ್ರ ಇದು ಸಾಲದು, ನಾಲ್ಕೂ ಅಂಚಿನಲ್ಲಿ ತ್ರಿಕೋನ ಕತ್ತರಿಸಬೇಕಾಗುತ್ತದೆ.

ಆದರೆ ಕೂರಿಸುವ ಕೂಲಿಯ ಸಾಲಿನಲ್ಲೂ 160 ಎಂದಿದ್ದರೆ ಒಪ್ಪಬೇಡಿ. ಅಲ್ಲಿರಬೇಕಾದದ್ದು ನೆಲ 132 ಚದರಡಿ, ಸ್ಕರ್ಟಿಂಗ್ 40 ರನ್ನಿಂಗ್ ಅಡಿ. ಸಾಮಾನು ಸಹಿತ ಒಂದೇ ದರ ಹಾಕಿದ್ದರೆ ವೇಸ್ಟೇಜ್ ಆ ದರದಲ್ಲೇ ಸೇರಿದೆಯೇ ಎಂದು ಕೇಳಿ ಬರೆಸಿಕೊಳ್ಳಿ. ಸೇರಿದ್ದರೆ ಅಳತೆಯಲ್ಲಿ ಮತ್ತೆ ಸೇರಿಸುವಂತಿಲ್ಲ.

ಬಚ್ಚಲಿನ ಗೋಡೆಯಲ್ಲಿ ಇದೇ ಎರಡು ಸಲದ ಲೆಕ್ಕ ಇನ್ನೊಂದು ವೇಷದಲ್ಲಿ ಬರುತ್ತದೆ. 8 ಅಡಿಗೆ 5 ಅಡಿಯ ಬಚ್ಚಲು, 7 ಅಡಿ ಎತ್ತರಕ್ಕೆ ಟೈಲ್ಸ್ ಎಂದರೆ 182 ಚದರಡಿ. ಬಾಗಿಲಿನ ಹದಿನೇಳೂವರೆ ಕಳೆದರೆ ನೂರ ಅರವತ್ತನಾಲ್ಕೂವರೆ. ಅದಕ್ಕೆ ಶೇ 10 ಸೇರಿಸಿದರೆ 181. ಬಾಗಿಲು ಕಳೆಯದ ಅಳತೆಯೂ ಹೆಚ್ಚುಕಡಿಮೆ ಅಷ್ಟೇ! ಅಂದರೆ ಬಾಗಿಲು ಕಳೆಯದೆ ಬಿಟ್ಟವರು ವೇಸ್ಟೇಜನ್ನು ಆಗಲೇ ಒಳಗೆ ಇಟ್ಟಿದ್ದಾರೆ. ಅದರ ಮೇಲೂ ಶೇ 10 ಹಾಕಿ 200 ಎಂದರೆ ಸುಮಾರು 19 ಚದರಡಿ ಸುಮ್ಮನೆ ಹೆಚ್ಚು. ವೆಂಟಿಲೇಟರ್ 7 ಅಡಿಗಿಂತ ಮೇಲಿದ್ದರೆ ಅದನ್ನು ಕಳೆಯಿರಿ ಎಂದು ನೀವೂ ಕೇಳಬಾರದು. ಅದು ಲೆಕ್ಕದೊಳಗೇ ಬಂದಿಲ್ಲ.

ಪೇಂಟಿನದು ಬೇರೆಯೇ ತಕರಾರು. ನಮ್ಮ ಕೋಣೆಯ ಗೋಡೆ 460 ಚದರಡಿ, ಸೂರು 132. ಬಾಗಿಲು ಕಿಟಕಿ ಎಲ್ಲ ಸೇರಿ 62. ಮನೆಯವರು ಪೂರ್ತಿ ಕಳೆಯಿರಿ ಎನ್ನುತ್ತಾರೆ. ಪೇಂಟರ್ ಒಂದಡಿಯನ್ನೂ ಕಳೆಯುವುದಿಲ್ಲ, ‘ಪಕ್ಕೆ ಬಳಿಯೋದು ಯಾರು ಸಾರ್?’ ಎನ್ನುತ್ತಾನೆ. ಅವನ ಮಾತಿನಲ್ಲೂ ಹುರುಳಿದೆ. ಕಿಟಕಿಯ ಸುತ್ತ ಗೋಡೆಯ ದಪ್ಪದ ಒಳಮೈಗೂ ಪುಟ್ಟಿ ಹಾಕಿ, ಉಜ್ಜಿ, ಬಣ್ಣ ಹಚ್ಚಬೇಕು. ಭಾರತೀಯ ಮಾನಕ ಐಎಸ್ 1200 ಈ ಜಗಳಕ್ಕೆ ಹಿಂದೆಯೇ ದಾರಿ ಹುಡುಕಿದೆ. ಅರ್ಧ ಚದರ ಮೀಟರಿಗಿಂತ, ಅಂದರೆ ಸುಮಾರು ಐದೂಕಾಲು ಚದರಡಿಗಿಂತ ಚಿಕ್ಕ ಕಿಂಡಿಗಳನ್ನು ಕಳೆಯುವಂತಿಲ್ಲ. ಅಲ್ಲಿಂದ ಮೂರು ಚದರ ಮೀಟರಿನವರೆಗೆ, ಎಂದರೆ ಸುಮಾರು 32 ಚದರಡಿಯವರೆಗೆ, ಗೋಡೆಯ ಎರಡು ಮುಖಗಳಲ್ಲಿ ಒಂದನ್ನು ಮಾತ್ರ ಕಳೆಯಬೇಕು. ಇನ್ನೊಂದು ಪಕ್ಕೆಗಳ ಕೆಲಸಕ್ಕೆ ಸರಿಹೋಯಿತು. ಅದಕ್ಕಿಂತ ದೊಡ್ಡದಾದರೆ ಎರಡೂ ಮುಖ ಕಳೆದು ಪಕ್ಕೆಗಳನ್ನು ಪ್ರತ್ಯೇಕ ಅಳೆಯಬೇಕು. ಬಾಲ್ಕನಿಯ ದೊಡ್ಡ ಜಾರುಬಾಗಿಲು ಈ ಕೊನೆಯ ಗುಂಪಿನದು.

ನಮ್ಮ ಮೂರೂ ನಡುವಿನ ಗುಂಪಿನವು. ಕೋಣೆಯ ಒಳಮುಖದ ಪಾಲಿಗೆ ಅರ್ಧ ಎಂದುಕೊಂಡು 31 ಕಳೆದರೆ ಇಬ್ಬರಿಗೂ ಅನ್ಯಾಯವಿಲ್ಲ. ನಿಜವಾದ ಹಣ ಇರುವುದು ಇನ್ನೊಂದು ಕಡೆ. ವಾರ್ಡ್‌ರೋಬಿನ ಹಿಂದಿನ 70 ಚದರಡಿ ಗೋಡೆಗೆ ಪುಟ್ಟಿಯೂ ಇಲ್ಲ, ಬಣ್ಣವೂ ಇಲ್ಲ, ಆದರೂ ಬಹಳ ಎಸ್ಟಿಮೇಟುಗಳಲ್ಲಿ ಅದು ಹಾಗೇ ಉಳಿದಿರುತ್ತದೆ. ಬಾಗಿಲು ಕಿಟಕಿಗೆ ಗಂಟೆಗಟ್ಟಲೆ ವಾದಿಸಿದವರೂ ಇದನ್ನು ಗಮನಿಸುವುದಿಲ್ಲ. ಎರಡನ್ನೂ ಕಳೆದರೆ ಗೋಡೆ 359, ಸೂರು ಸೇರಿ 491. ಏನೂ ಕಳೆಯದ ಎಸ್ಟಿಮೇಟಿನಲ್ಲಿ ಅದು 592. ಚದರಡಿಗೆ 25 ರೂಪಾಯಿ ಎಂದಿಟ್ಟುಕೊಂಡರೂ ಒಂದೇ ಕೋಣೆಯಲ್ಲಿ 2,525 ರೂಪಾಯಿ ವ್ಯತ್ಯಾಸ. ಫಾಲ್ಸ್ ಸೀಲಿಂಗ್ ಹಾಕಿಸುತ್ತಿದ್ದರೆ ಗೋಡೆಯ ಎತ್ತರವನ್ನು ಅದರ ತಳದವರೆಗೆ ಅಳೆಯಬೇಕು, ಮೇಲಿನ ಸ್ಲ್ಯಾಬಿನವರೆಗೆ ಅಲ್ಲ. ಇನ್ನು ಪೇಂಟಿನ ಚದರಡಿಗೆ ವೇಸ್ಟೇಜ್ ಎಂಬ ಸಾಲು ಕಂಡರೆ ಹೊಡೆದುಹಾಕಿಸಿ. ಸೋರಿದ್ದು, ರೋಲರ್ ಹೀರಿದ್ದು ಎಲ್ಲ ಸಾಮಾನು ಸಹಿತ ದರದಲ್ಲೇ ಸೇರಿರುತ್ತದೆ.

ಸಹಿ ಹಾಕುವ ಮುನ್ನ ‘ಟೈಲ್ಸ್ 160 ಚದರಡಿ’ ಎಂಬ ಒಂದು ಸಾಲಿನ ಬದಲು ಕೋಣೆವಾರು ಉದ್ದ, ಅಗಲ, ಎತ್ತರ, ಕಳೆದದ್ದು, ವೇಸ್ಟೇಜ್ ಎಲ್ಲವನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆದುಕೊಡಲು ಕೇಳಿ, ಟೇಪು ಹಿಡಿದು ಒಂದು ಕೋಣೆಯನ್ನಾದರೂ ನೀವೇ ಅಳೆಯಿರಿ. ಹಾಗೆಯೇ ಕೆಲಸ ಮುಗಿದ ಮೇಲೆ ಉಳಿದ ನಾಲ್ಕಾರು ಟೈಲ್ಸನ್ನು ಕಂಟ್ರಾಕ್ಟರ್ ಕೊಂಡೊಯ್ಯಲು ಬಿಡಬೇಡಿ. ಅದು ನೀವು ಹಣ ಕೊಟ್ಟ ವೇಸ್ಟೇಜ್, ಮತ್ತು ಮುಂದೆ ಒಂದು ಟೈಲ್ಸ್ ಒಡೆದರೆ ಅದೇ ಬ್ಯಾಚಿನ ಅದೇ ಬಣ್ಣ ಅಂಗಡಿಯಲ್ಲಿ ಸಿಗುವುದು ಕಷ್ಟ.